ಅರ್ಧ ಡಿಗ್ರಿಯ ಅನುಮಾನ ಎಂಥಾಲ್ಪಿಗೆ ಹೋಗಿ ಸೇರುವುದು ಹೀಗೆ

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಬಿ.ಎಸ್‌ಸಿ. ಮೊದಲ ವರ್ಷದಲ್ಲಿದ್ದೇನೆ. ಥರ್ಮಾಸ್ ಫ್ಲಾಸ್ಕ್‌ನಲ್ಲಿ 1.00 M HCl ಮತ್ತು 1.00 M NaOH ತಲಾ 100 ಮಿ.ಲೀ. ಬೆರೆಸಿದೆವು. ತಾಪಮಾನ 27.5 ರಿಂದ 33.5 ಡಿಗ್ರಿಗೆ ಏರಿತು. ಫ್ಲಾಸ್ಕ್‌ನ ಸ್ಥಿರಾಂಕ ತಿಳಿಯಲು ಮೊದಲೇ 27.5 ಡಿಗ್ರಿಯ 100 ಮಿ.ಲೀ. ನೀರಿಗೆ 48.0 ಡಿಗ್ರಿಯ 100 ಮಿ.ಲೀ. ನೀರು ಹಾಕಿದ್ದೆವು, ಅದು 37.0 ಕ್ಕೆ ನಿಂತಿತು. ಥರ್ಮಾಮೀಟರ್‌ನಲ್ಲಿ ಒಂದೊಂದು ಡಿಗ್ರಿಗೆ ಒಂದು ಗೆರೆ. ರೆಕಾರ್ಡ್‌ನಲ್ಲಿ ΔH = −54.172 kJ/mol, ದೋಷ 0.5/33.5 = ಶೇ. 1.5 ಎಂದು ಬರೆದೆ. ಮೇಡಂ ಎರಡಕ್ಕೂ ಕೆಂಪು ಸುತ್ತು ಹಾಕಿ, "ಇಷ್ಟು ಅಂಕಿ ಎಲ್ಲಿಂದ ಬಂತು? ದೋಷ ಲೆಕ್ಕ ಮತ್ತೆ ಮಾಡು" ಎಂದಿದ್ದಾರೆ. ಹೇಗೆ ಮಾಡಲಿ?

ಉತ್ತರ: ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ನೀರಿನ ವಿಶಿಷ್ಟೋಷ್ಣ 4.184 ಇಟ್ಟುಕೊಂಡು ನಾನೂ ಲೆಕ್ಕ ಮಾಡಿದೆ, 54.172 ಬಂತು. ತಪ್ಪು ಇರುವುದು 33.5 ರಿಂದ ಭಾಗಿಸಿದ ಕಡೆ. ಅಲ್ಲಿಂದಲೇ ಶುರು ಮಾಡೋಣ, ಮಿಕ್ಕಿದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಎಂಥಾಲ್ಪಿಯ ಸೂತ್ರದಲ್ಲಿ 33.5 ಎಂಬ ಸಂಖ್ಯೆ ಎಲ್ಲಿಯೂ ಇಲ್ಲ. ಅಲ್ಲಿರುವುದು ಏರಿಕೆ ಮಾತ್ರ, ಅಂದರೆ 6.0 ಡಿಗ್ರಿ. ದೋಷವನ್ನು ಶೇಕಡಾದಲ್ಲಿ ಹೇಳುವಾಗ ಸೂತ್ರದಲ್ಲಿ ಗುಣಾಕಾರಕ್ಕೆ ಕೂರುವ ಸಂಖ್ಯೆಯಿಂದಲೇ ಭಾಗಿಸಬೇಕು. 33.5 ರಿಂದ ಭಾಗಿಸಬಹುದು ಎಂದಾದರೆ, ಅದೇ ಓದನ್ನು ಕೆಲ್ವಿನ್‌ನಲ್ಲಿ 306.65 ಎಂದು ಬರೆದ ಕೂಡಲೇ ದೋಷ ಶೇ. 0.16 ಕ್ಕೆ ಇಳಿದುಬಿಡುತ್ತದೆ. ಥರ್ಮಾಮೀಟರ್ ಅದೇ, ಓದಿದ ಕಣ್ಣು ಅದೇ. ಅಳತೆಮಾನದ ಸೊನ್ನೆಯನ್ನು ಬೇರೆ ಕಡೆ ಇಟ್ಟ ಮಾತ್ರಕ್ಕೆ ಪ್ರಯೋಗ ಹತ್ತು ಪಟ್ಟು ನಿಖರ ಆಗಲು ಸಾಧ್ಯವಿಲ್ಲ. ಏರಿಕೆ ಮಾತ್ರ ಎರಡು ಅಳತೆಮಾನದಲ್ಲೂ 6.0 ಆಗಿಯೇ ಉಳಿಯುತ್ತದೆ. ಹಾಗಾಗಿ ಅದಕ್ಕೆ 273 ಕೂಡಿಸುವ ಪ್ರಶ್ನೆಯೂ ಇಲ್ಲ.

ಈಗ ಆ 6.0 ಎಷ್ಟು ಗಟ್ಟಿ ಎಂದು ನೋಡೋಣ. ಒಂದು ಡಿಗ್ರಿಗೆ ಒಂದು ಗೆರೆ ಇರುವ ಥರ್ಮಾಮೀಟರ್‌ಗೆ ಲೀಸ್ಟ್ ಕೌಂಟ್‌ನ ಅರ್ಧ, ಅಂದರೆ ±0.5 ಡಿಗ್ರಿ, ಅನಿಶ್ಚಿತತೆ ಎಂದು ಇಟ್ಟುಕೊಳ್ಳುವುದು ಲ್ಯಾಬ್‌ಗಳಲ್ಲಿ ರೂಢಿ. ಗೆರೆಗಳ ನಡುವಿನ ಜಾಗವನ್ನು ನಾಲ್ಕು ಭಾಗ ಮಾಡಿ ಓದಬಲ್ಲೆ ಎಂಬ ಭರವಸೆ ನಿಮಗಿದ್ದರೆ ±0.25 ಎಂದು ಹಾಕಿ, ಯಾಕೆ ಎಂದು ಒಂದು ಸಾಲು ಬರೆದರೆ ಯಾರೂ ಬೇಡ ಅನ್ನುವುದಿಲ್ಲ. ನಿಮ್ಮ ಓದುಗಳೆಲ್ಲ .0 ಅಥವಾ .5 ರಲ್ಲೇ ನಿಂತಿವೆ, ಆದ್ದರಿಂದ ನಾನು ±0.5 ಅನ್ನೇ ಇಟ್ಟುಕೊಳ್ಳುತ್ತೇನೆ.

ಏರಿಕೆ ಎಂದರೆ ಎರಡು ಓದುಗಳ ವ್ಯತ್ಯಾಸ. ಕಳೆಯುವಾಗ ಸಂಖ್ಯೆ ಚಿಕ್ಕದಾಗುತ್ತದೆ, ಅನಿಶ್ಚಿತತೆ ಮಾತ್ರ ದೊಡ್ಡದಾಗುತ್ತದೆ. ಮೊದಲ ಓದು ಅರ್ಧ ಡಿಗ್ರಿ ಕೆಳಗೆ, ಎರಡನೆಯದು ಅರ್ಧ ಡಿಗ್ರಿ ಮೇಲೆ ತಪ್ಪಿದ್ದರೆ ಏರಿಕೆಯಲ್ಲಿ ಪೂರ್ತಿ ಒಂದು ಡಿಗ್ರಿ ತಪ್ಪುತ್ತದೆ. ಎರಡೂ ಒಂದೇ ಕಡೆಗೆ ತಪ್ಪಿದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಎರಡು ತಪ್ಪುಗಳಿಗೂ ಪರಸ್ಪರ ಸಂಬಂಧವಿಲ್ಲದಿದ್ದಾಗ ನಡುವಿನ ದಾರಿಯಾಗಿ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುತ್ತೇವೆ:

```
u(ΔT) = √(0.5² + 0.5²) = 0.71 °C
ΔT = 6.0 ± 0.7 °C
0.71 / 6.0 = 0.118
```

ಅಂದರೆ ಶೇ. 12. ನೀವು ಬರೆದ ಶೇ. 1.5 ರ ಎಂಟು ಪಟ್ಟು. ಕೆಲವು ಕಡೆ ವರ್ಗಮೂಲ ಬೇಡ, ನೇರವಾಗಿ ಕೂಡಿಸಿ ±1.0 ಎಂದು ಹಾಕಿ ಎನ್ನುತ್ತಾರೆ. ಅದು ಅತಿ ಕೆಟ್ಟ ಸಂದರ್ಭದ ಅಂದಾಜು. ನಿಮ್ಮ ಮೇಡಂ ಯಾವುದನ್ನು ಬಯಸುತ್ತಾರೆ ಎಂದು ಕೇಳಿಕೊಂಡು ರಿಪೋರ್ಟ್‌ನಲ್ಲಿ ಆ ವಿಧಾನದ ಹೆಸರು ಹೇಳಿ. ಒಂದೇ ರಿಪೋರ್ಟ್‌ನಲ್ಲಿ ಎರಡನ್ನೂ ಬೆರೆಸಬೇಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಆಮ್ಲ, ಪ್ರತ್ಯಾಮ್ಲ ಎರಡರ ತಾಪಮಾನವನ್ನೂ ನೋಡಿ ಸರಾಸರಿ ತೆಗೆದಿರುತ್ತೀರಿ. ಎರಡು ಓದು ಸಿಕ್ಕಿತು, ಹಾಗಾಗಿ ಸರಾಸರಿಯ ಅನಿಶ್ಚಿತತೆ 0.35 ಕ್ಕೆ ಇಳಿಯಿತು ಎಂದು ಕೆಲವರು ಬರೆಯುತ್ತಾರೆ. ಎರಡನ್ನೂ ಅದೇ ಥರ್ಮಾಮೀಟರ್‌ನಲ್ಲಿ, ಅದೇ 27 ಮತ್ತು 28 ರ ಗೆರೆಗಳ ನಡುವೆ, ಅದೇ ಕಣ್ಣು ಓದಿದೆ. ಮೊದಲ ಸಲ ಪಾದರಸದ ತುದಿ ಎಲ್ಲಿದೆ ಎಂದು ತಪ್ಪಿದ ಕಣ್ಣು ಎರಡನೇ ಸಲವೂ ಹಾಗೆಯೇ ತಪ್ಪುತ್ತದೆ. ಓದುಗಳು ತಮ್ಮತಮ್ಮೊಳಗೆ ಹೆಚ್ಚುಕಡಿಮೆ ಆಗುತ್ತಿದ್ದರೆ ಮಾತ್ರ ಸರಾಸರಿಯಿಂದ ಲಾಭ. ಗೆರೆಯೇ ಒರಟಾಗಿರುವಾಗ ಹತ್ತು ಸಲ 27.5 ಎಂದು ಬರೆದರೂ ಅದು ಒಂದೇ ಓದು. ಹಾಗಾಗಿ 0.5 ಅನ್ನೇ ಉಳಿಸಿಕೊಂಡಿದ್ದೇನೆ.

ಇನ್ನು ಫ್ಲಾಸ್ಕ್‌ನ ಸ್ಥಿರಾಂಕ. ನಿಮ್ಮ ರಿಪೋರ್ಟ್‌ನಲ್ಲಿ ಯಾರೂ ಗಮನಿಸದೆ ಬಿಟ್ಟಿರುವ ಜಾಗ ಇದು, ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಕಲಿಯಲು ಹೆಚ್ಚು ಸಿಗುವುದೂ ಇಲ್ಲೇ. ಬಿಸಿನೀರು ಕಳೆದುಕೊಂಡ ಶಾಖದಲ್ಲಿ ತಣ್ಣೀರು ಪಡೆದದ್ದನ್ನು ಕಳೆದರೆ ಉಳಿದದ್ದು ಫ್ಲಾಸ್ಕ್ ಹೀರಿದ್ದು. 100 ಮಿ.ಲೀ. ನೀರಿಗೆ ಡಿಗ್ರಿಗೆ 418.4 ಜೌಲ್, ಆದ್ದರಿಂದ:

```
C = 418.4 × [ (Th − Tm)/(Tm − Tc) − 1 ]
  = 418.4 × [ 11.0/9.5 − 1 ]
  = 66.06 J/°C
```

ಇಲ್ಲಿ Th ಬಿಸಿನೀರಿನ, Tc ತಣ್ಣೀರಿನ, Tm ಬೆರೆತ ನೀರಿನ ತಾಪಮಾನ. ಆವರಣದ ಒಳಗೆ 1.158 ರಲ್ಲಿ 1 ಅನ್ನು ಕಳೆಯುತ್ತಿದ್ದೇವೆ. ಹೆಚ್ಚುಕಡಿಮೆ ಸಮನಾದ ಎರಡು ದೊಡ್ಡ ಶಾಖಗಳ ಚಿಕ್ಕ ವ್ಯತ್ಯಾಸ ಅದು. ಇಂಥ ಜಾಗದಲ್ಲಿ ಅನಿಶ್ಚಿತತೆ ಸಿಕ್ಕಾಪಟ್ಟೆ ಉಬ್ಬುತ್ತದೆ.

ಇದಕ್ಕೆ ಅವಕಲನ ಬಳಸಿ ಸೂತ್ರ ಬಿಡಿಸಬಹುದು. ಅದಕ್ಕಿಂತ ಸುಲಭವಾದ, ಅಷ್ಟೇ ಸರಿಯಾದ ದಾರಿಯೂ ಇದೆ. ಒಂದೊಂದೇ ಓದನ್ನು ಅದರ ಅನಿಶ್ಚಿತತೆಯಷ್ಟು ಮೇಲೆ ತಳ್ಳಿ, ಮಿಕ್ಕಿದ್ದನ್ನು ಹಾಗೇ ಇಟ್ಟು, ಉತ್ತರ ಎಷ್ಟು ಕದಲಿತು ಎಂದು ನೋಡಿ. ಆಮೇಲೆ ಅದೇ ಓದನ್ನು ಅಷ್ಟೇ ಕೆಳಗೆ ತಳ್ಳಿ ನೋಡಿ.

ಬೆರೆತ ನೀರಿನ ತಾಪಮಾನವನ್ನು 37.5 ಮಾಡಿ. ಆಗ 10.5/10.0, ಸ್ಥಿರಾಂಕ 20.9 ಕ್ಕೆ ಬೀಳುತ್ತದೆ. 36.5 ಮಾಡಿ. ಆಗ 11.5/9.0, ಸ್ಥಿರಾಂಕ 116.2 ಕ್ಕೆ ಏರುತ್ತದೆ. ಅರ್ಧ ಡಿಗ್ರಿ ಅತ್ತಿತ್ತ ಆದರೆ 21 ರಿಂದ 116 ರವರೆಗೆ ಓಲಾಡುತ್ತದೆ ಎಂದಾಯಿತು, ಸರಾಸರಿ ಕದಲಿಕೆ 48. ಬಿಸಿನೀರಿನ ಓದನ್ನು 48.5 ಮಾಡಿದರೆ 88.1, ಅಂದರೆ 22 ರಷ್ಟು ಕದಲಿಕೆ. ತಣ್ಣೀರಿನ ಓದನ್ನು 28.0 ಮಾಡಿದರೆ 93.0, 27.0 ಮಾಡಿದರೆ 41.8, ಸರಾಸರಿ ಕದಲಿಕೆ 26. ಈ ಮೂರನ್ನೂ ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ ಸುಮಾರು 58.

ಸ್ಥಿರಾಂಕ 66, ಅದರ ಅನಿಶ್ಚಿತತೆ 58! ನಿಮ್ಮ ರೆಕಾರ್ಡ್‌ನಲ್ಲಿ 66.06 ಎಂದು ಇದ್ದದ್ದು ಪ್ರಾಮಾಣಿಕವಾಗಿ ಬರೆದರೆ 70 ± 60 ಆಗುತ್ತದೆ. ಬ್ಯಾಚ್‌ನಲ್ಲಿ ಯಾರಿಗಾದರೂ ಸ್ಥಿರಾಂಕ ಋಣಾತ್ಮಕವಾಗಿ ಬಂದು, ಲೆಕ್ಕ ತಪ್ಪಿತೆಂದು ಹಾಳೆ ಹರಿದಿದ್ದರೆ ಕಾರಣ ಇದೇ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಮೂರು ಓದುಗಳಲ್ಲಿ ತಲಾ ಅರ್ಧ ಡಿಗ್ರಿಯ ಅನುಮಾನ ಇರುವಾಗ ಸೊನ್ನೆಗಿಂತ ಕೆಳಗಿನ ಉತ್ತರ ಬರುವುದು ಅಪರೂಪವೇನಲ್ಲ. ಅದನ್ನು ಬಚ್ಚಿಡದೆ ಅನಿಶ್ಚಿತತೆಯ ಜೊತೆಗೇ ಬರೆಯಬೇಕು.

ಹಾಗಾದರೆ ಎಂಥಾಲ್ಪಿಯೂ ಶೇ. 90 ಅನುಮಾನದ್ದೇ? ಅಲ್ಲ. ಸೂತ್ರದಲ್ಲಿ ಈ 66 ಒಂಟಿಯಾಗಿ ನಿಂತಿಲ್ಲ. 200 ಮಿ.ಲೀ. ದ್ರಾವಣದ 836.8 ರ ಜೊತೆ ಕೂಡಿಕೊಂಡು 902.86 ಆಗಿ ನಿಂತಿದೆ. ಕೂಡುವಾಗ ಶೇಕಡಾವಾರು ದೋಷ ಸಾಗುವುದಿಲ್ಲ, ಜೌಲ್‌ಗಳಲ್ಲಿರುವ ದೋಷ ಸಾಗುತ್ತದೆ. 58 ಜೌಲ್ ಅನುಮಾನ 903 ರ ಮುಂದೆ ಶೇ. 6.4 ಮಾತ್ರ. ಎಲ್ಲಿ ಕೂಡಿಸುತ್ತೇವೋ ಕಳೆಯುತ್ತೇವೋ ಅಲ್ಲಿ ಮಾನಸಹಿತ ಅನಿಶ್ಚಿತತೆ, ಎಲ್ಲಿ ಗುಣಿಸುತ್ತೇವೋ ಭಾಗಿಸುತ್ತೇವೋ ಅಲ್ಲಿ ಶೇಕಡಾ. ಈ ಒಂದು ಬದಲಾವಣೆಯನ್ನು ಮರೆತು, ಮೊದಲಿನಿಂದ ಕೊನೆಯವರೆಗೂ ಶೇಕಡಾಗಳನ್ನೇ ಹೊತ್ತುಕೊಂಡು ಹೋಗುವುದರಿಂದ ರೆಕಾರ್ಡ್‌ಗಳಲ್ಲಿ ಅಸಂಬದ್ಧ ಉತ್ತರಗಳು ಬರುತ್ತವೆ.

ಮೋಲ್‌ಗಳ ವಿಷಯ ಬೇಗ ಮುಗಿಯುತ್ತದೆ. 100 ಮಿ.ಲೀ. ಅಳತೆ ಸಿಲಿಂಡರ್‌ನಲ್ಲಿ ±1 ಮಿ.ಲೀ., ಆಮ್ಲದ ಸಾರತೆ 1.00 ± 0.01 ಎಂದುಕೊಂಡರೆ ತಲಾ ಶೇ. 1, ಎರಡೂ ಸೇರಿ ಶೇ. 1.4. ಈಗ ಎಲ್ಲವನ್ನೂ ಒಟ್ಟು ಮಾಡಿ:

```
ΔH = −(836.8 + 66.06) × 6.0 / 0.100 = −54172 J/mol
√(11.8² + 6.4² + 1.4²) = 13.5 %
0.135 × 54.2 = 7.3 kJ/mol
ΔH = −54 ± 7 kJ/mol
```

ವರ್ಗಗಳನ್ನು ಕೂಡಿಸಿದಾಗ ಏನಾಗುತ್ತದೆ ನೋಡಿ: 139, 41, 2. ಕೊನೆಯ 2 ಅನ್ನು ಪೂರ್ತಿ ತೆಗೆದುಹಾಕಿದರೂ 13.5 ಹೋಗಿ 13.4 ಆಗುತ್ತದೆ. "ಸಿಲಿಂಡರ್ ಬದಲು ಬ್ಯುರೆಟ್ ಬಳಸಿದ್ದರೆ ನಿಖರತೆ ಹೆಚ್ಚುತ್ತಿತ್ತು" ಎಂಬ ಸಾಲು ಎಷ್ಟೋ ರಿಪೋರ್ಟ್‌ಗಳ ಕೊನೆಯಲ್ಲಿ ಕಾಣಿಸುತ್ತದೆ. ನಿಮ್ಮ ಪ್ರಯೋಗಕ್ಕೆ ಅದು ಸುಳ್ಳು. ಇಲ್ಲಿ ಬ್ಯುರೆಟ್‌ನಿಂದ ಸಿಗುವುದು ಏನೂ ಇಲ್ಲ, ಎಲ್ಲವನ್ನೂ ತೀರ್ಮಾನಿಸುತ್ತಿರುವುದು ಥರ್ಮಾಮೀಟರ್.

ಸಾರ್ಥಕ ಅಂಕಿಗಳ ಪ್ರಶ್ನೆಗೆ ಉತ್ತರ ಇದರೊಳಗೇ ಬಂದುಬಿಟ್ಟಿತು. ಅನಿಶ್ಚಿತತೆಯನ್ನು ಒಂದು ಅಂಕಿಗೆ ದುಂಡಾಗಿಸಿ, ಅದರ ಮೊದಲ ಅಂಕಿ 1 ಆಗಿದ್ದರೆ ಎರಡು ಅಂಕಿ ಇಟ್ಟುಕೊಳ್ಳಿ. ಆಮೇಲೆ ಉತ್ತರವನ್ನು ಅದೇ ಸ್ಥಾನಕ್ಕೆ ತಂದು ನಿಲ್ಲಿಸಿ. ±7 ಬಿಡಿಸ್ಥಾನದಲ್ಲಿದೆ, ಆದ್ದರಿಂದ 54 ಕೂಡ ಬಿಡಿಸ್ಥಾನದಲ್ಲೇ ನಿಲ್ಲಬೇಕು. −54.172 ± 7 ಎಂದಾಗಲಿ, −54 ± 7.31 ಎಂದಾಗಲಿ ಬರೆಯುವಂತಿಲ್ಲ. ಏಳು ಕಿಲೋಜೌಲ್ ಅತ್ತಿತ್ತ ಆಗಬಹುದಾದ ಸಂಖ್ಯೆಯಲ್ಲಿ ಸಾವಿರದ ಒಂದು ಭಾಗದ 2 ಕ್ಕೆ ಅರ್ಥವೇ ಇಲ್ಲ.

ಪಿಯುಸಿಯಲ್ಲಿ ಕಲಿತ ನಿಯಮ, ಅಂದರೆ "ಕಳೆದಾಗ ದಶಮಾಂಶ ಸ್ಥಾನ ಎಣಿಸು, ಗುಣಿಸಿದಾಗ ಕಡಿಮೆ ಅಂಕಿಯದ್ದನ್ನು ಹಿಡಿ" ಎಂಬುದೂ ಇಲ್ಲಿ 54 ಅನ್ನೇ ಕೊಡುತ್ತದೆ. 33.5 ರಲ್ಲಿ ಮೂರು ಸಾರ್ಥಕ ಅಂಕಿ, 27.5 ರಲ್ಲಿ ಮೂರು, ಕಳೆದ ಮೇಲೆ 6.0 ರಲ್ಲಿ ಎರಡೇ. ಅಲ್ಲಿಗೆ ಉತ್ತರವೂ ಎರಡು ಅಂಕಿಗೆ ಬಂತು. ಆದರೆ ಬರಿಯ 54 ಎಂದು ಓದಿದವರು 53 ಅಥವಾ 55 ಇರಬಹುದು ಎಂದುಕೊಳ್ಳುತ್ತಾರೆ, 47 ಇರಬಹುದು ಎಂದು ಯಾರೂ ಊಹಿಸುವುದಿಲ್ಲ. ಆ ನಿಯಮ ಲೆಕ್ಕ ಮಾಡಲು ಪುರುಸೊತ್ತಿಲ್ಲದಾಗಿನ ಒರಟು ಅಂದಾಜು. ± ಬರೆದ ಮೇಲೆ ಅದರ ಹಂಗು ಬೇಕಿಲ್ಲ.

ಒಂದು ಎಚ್ಚರಿಕೆ. ದುಂಡಾಗಿಸುವುದು ಕೊನೆಯ ಸಾಲಿನಲ್ಲಿ ಮಾತ್ರ. ಸ್ಥಿರಾಂಕವನ್ನು ವರದಿಯಲ್ಲಿ 70 ± 60 ಎಂದು ಬರೆದರೂ ಮುಂದಿನ ಲೆಕ್ಕಕ್ಕೆ 66.06 ಅನ್ನೇ ಒಯ್ಯಿರಿ. ನಡುನಡುವೆ ದುಂಡಾಗಿಸುತ್ತಾ ಹೋದರೆ ಥರ್ಮಾಮೀಟರ್ ಮಾಡದ ತಪ್ಪನ್ನು ನಾವೇ ಮಾಡಿದಂತೆ ಆಗುತ್ತದೆ.

ಇದುವರೆಗೆ ಹೇಳಿದ್ದು ಓದುವಾಗಿನ ಅನುಮಾನ, ಯಾವ ಕಡೆಗೆ ಬೇಕಾದರೂ ಹೋಗಬಹುದಾದದ್ದು. ಥರ್ಮಾಮೀಟರೇ ಒಂದು ಕಡೆಗೆ ವಾಲಿದ್ದರೆ? ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟಾಗ 0 ಬದಲು 0.8 ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಎಲ್ಲ ಓದುಗಳೂ 0.8 ಹೆಚ್ಚಿರುತ್ತವೆ, ಕಳೆದ ಕೂಡಲೇ ಅದು ಹೋಗಿಬಿಡುತ್ತದೆ. ಸ್ಥಿರಾಂಕದ ಸೂತ್ರದಲ್ಲೂ ವ್ಯತ್ಯಾಸಗಳೇ ಇರುವುದರಿಂದ ಅಲ್ಲೂ ಹೋಗುತ್ತದೆ. ಇದು ನಡೆಯುವುದು ಪ್ರಯೋಗದ ಎಲ್ಲ ಓದಿಗೂ ಒಂದೇ ಥರ್ಮಾಮೀಟರ್ ಬಳಸಿದಾಗ ಮಾತ್ರ. ಸಮಯ ಉಳಿಸಲು ಬಿಸಿನೀರಿಗೊಂದು, ಫ್ಲಾಸ್ಕ್‌ಗೊಂದು ಎಂದು ಎರಡು ಥರ್ಮಾಮೀಟರ್ ಹಿಡಿದರೆ ಅವೆರಡರ ನಡುವಿನ ಹೊಂದಾಣಿಕೆಯ ಕೊರತೆ ನೇರವಾಗಿ ಸ್ಥಿರಾಂಕಕ್ಕೆ ನುಗ್ಗುತ್ತದೆ.

ವ್ಯತ್ಯಾಸದಲ್ಲಿ ಹೋಗದೆ ಉಳಿಯುವುದು ಗೆರೆಗಳ ಅಂತರದ ತಪ್ಪು. ಅದನ್ನು ಪರೀಕ್ಷಿಸಲು ಮಂಜುಗಡ್ಡೆ ಮತ್ತು ಕುದಿಯುವ ನೀರು ಎರಡರಲ್ಲೂ ಇಟ್ಟು ನೋಡುತ್ತಾರೆ. ನಮ್ಮ ಕಡೆ ಇಲ್ಲೊಂದು ಗುಂಡಿ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ. ಇಲ್ಲಿ ವಾಯುಒತ್ತಡ ಕಡಿಮೆ, ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲೇ. ಸರಿಯಾದ ಥರ್ಮಾಮೀಟರ್ ಕುದಿನೀರಿನಲ್ಲಿ 97 ತೋರಿಸಿದಾಗ, ಅದು 100 ಆಗಬೇಕಿತ್ತು ಎಂದುಕೊಂಡು ಎಲ್ಲ ಓದನ್ನೂ ಸರಿಪಡಿಸಿದರೆ ಏರಿಕೆ ಶೇ. 3 ಹಿಗ್ಗುತ್ತದೆ. ನಿಮ್ಮ 54.2 ಸುಮಾರು 55.8 ಆಗುತ್ತದೆ, ಪುಸ್ತಕದ 57.1 ಕ್ಕೆ ಹತ್ತಿರವೂ ಬರುತ್ತದೆ. ಹತ್ತಿರ ಬಂತು ಎಂಬ ಕಾರಣಕ್ಕೇ ಯಾರೂ ಅನುಮಾನಪಡುವುದಿಲ್ಲ.

ಒಂದೇ ದಿಕ್ಕಿಗೆ ಎಳೆಯುವ ಇನ್ನೊಂದು ತಪ್ಪು ಸೂತ್ರದಲ್ಲೇ ಕೂತಿದೆ. ದ್ರಾವಣದ ಸಾಂದ್ರತೆ 1.00, ವಿಶಿಷ್ಟೋಷ್ಣ 4.184 ಎಂದು ಶುದ್ಧ ನೀರಿನ ಬೆಲೆಗಳನ್ನು ಹಾಕಿದ್ದೀರಿ. ಬೆರೆತ ಮೇಲೆ ಫ್ಲಾಸ್ಕ್‌ನಲ್ಲಿರುವುದು 0.5 M ಉಪ್ಪುನೀರು. ಉಪ್ಪಿನಿಂದ ಸಾಂದ್ರತೆ ಸ್ವಲ್ಪ ಏರುತ್ತದೆ, ವಿಶಿಷ್ಟೋಷ್ಣ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಎರಡರ ಗುಣಲಬ್ಧ ಮಿ.ಲೀ.ಗೆ ಸುಮಾರು 4.1 ಜೌಲ್. ಅಂದರೆ ಶಾಖವನ್ನು ಶೇ. 2 ರಷ್ಟು ಹೆಚ್ಚು ಲೆಕ್ಕ ಹಾಕಿದಂತಾಯಿತು. ಇದನ್ನು ± ಒಳಗೆ ಸೇರಿಸಬೇಡಿ. ದಿಕ್ಕು ಗೊತ್ತಿರುವ ತಪ್ಪನ್ನು ತಿದ್ದಬೇಕು, ಅಥವಾ ಇಂಥ ದಿಕ್ಕಿಗೆ ಇಷ್ಟು ಎಂದು ಬೇರೆಯಾಗಿ ಬರೆಯಬೇಕು. ಶೇ. 13 ಅನುಮಾನದ ಪಕ್ಕದಲ್ಲಿ ಸದ್ಯಕ್ಕೆ ಅದು ಕಾಣಿಸುವುದೂ ಇಲ್ಲ.

ಮುಂದಿನ ಸಲ ಏನು ಬದಲಿಸಬೇಕು? ಲ್ಯಾಬ್‌ನಲ್ಲಿ 0 ರಿಂದ 50 ಡಿಗ್ರಿಯವರೆಗೆ, 0.1 ಡಿಗ್ರಿಗೆ ಒಂದು ಗೆರೆ ಇರುವ ಥರ್ಮಾಮೀಟರ್ ಇದ್ದರೆ ಕೇಳಿ ಪಡೆಯಿರಿ. ಪ್ರತಿ ಓದಿನ ಅನಿಶ್ಚಿತತೆ 0.05 ಕ್ಕೆ ಇಳಿಯುತ್ತದೆ. ಏರಿಕೆಯ ದೋಷ ಶೇ. 1.2, ಒಟ್ಟು ಉಷ್ಣಧಾರಣೆಯ ದೋಷ ಶೇ. 0.6, ಮೋಲ್‌ಗಳದ್ದು ಮೊದಲಿನ ಶೇ. 1.4. ಒಟ್ಟು ಸುಮಾರು ಶೇ. 2, ಅಂದರೆ ಸುಮಾರು 1 ಕಿಲೋಜೌಲ್. ಈಗ ಚಿತ್ರ ತಿರುಗಿತು. ಸಿಲಿಂಡರ್ ಮತ್ತು ಸಾರತೆಯೇ ಅತಿ ದೊಡ್ಡ ಪಾಲುದಾರರಾದವು, ಹಾಗಾಗಿ ಪಿಪೆಟ್ ಹಿಡಿಯುವುದಕ್ಕೂ ಆಮ್ಲವನ್ನು ಟೈಟ್ರೇಷನ್ ಮಾಡಿ ಸಾರತೆ ಖಚಿತಪಡಿಸಿಕೊಳ್ಳುವುದಕ್ಕೂ ಅರ್ಥ ಬಂತು. ಪ್ರತ್ಯಾಮ್ಲವನ್ನು 1.05 M ಮಾಡಿಕೊಂಡರೆ ಆಮ್ಲವೊಂದರ ಮೋಲ್‌ಗಳನ್ನು ಮಾತ್ರ ಕಟ್ಟುನಿಟ್ಟಾಗಿ ಅಳೆದರೆ ಸಾಕು. ಮೇಲೆ ಬಿಟ್ಟುಬಿಟ್ಟ ಶೇ. 2 ರ ಉಪ್ಪುನೀರಿನ ತಪ್ಪನ್ನೂ ಈಗ ತಿದ್ದಲೇಬೇಕು.

ಅಂಥ ಥರ್ಮಾಮೀಟರ್ ಇಲ್ಲದಿದ್ದರೆ ಏರಿಕೆಯನ್ನೇ ದೊಡ್ಡದು ಮಾಡಿ. 2 M ದ್ರಾವಣಗಳನ್ನು ಬೆರೆಸಿದರೆ ಏರಿಕೆ 12 ಡಿಗ್ರಿಯ ಹತ್ತಿರ ಬರುತ್ತದೆ, ಅದೇ 0.7 ಡಿಗ್ರಿ ಅನುಮಾನ ಶೇ. 12 ರಿಂದ ಶೇ. 6 ಕ್ಕೆ ಇಳಿಯುತ್ತದೆ. ಉಪ್ಪಿನ ಪ್ರಭಾವ ಆಗ ಹೆಚ್ಚುತ್ತದೆ ಎಂಬುದು ನೆನಪಿರಲಿ. ದ್ರಾವಣದ ಪ್ರಮಾಣ ಹೆಚ್ಚಿಸಿದರೆ ಏರಿಕೆಯೂ ಹೆಚ್ಚುತ್ತದೆ ಎಂಬ ನಂಬಿಕೆ ಇದೆ. ಅದು ತಪ್ಪು, ಮೋಲ್ ಎರಡು ಪಟ್ಟಾದರೆ ಬಿಸಿಯಾಗಬೇಕಾದ ನೀರೂ ಎರಡು ಪಟ್ಟು. ಅದರಿಂದ ಕಡಿಮೆಯಾಗುವುದು ಫ್ಲಾಸ್ಕ್‌ನ ಪಾಲು ಮಾತ್ರ. ಫ್ಲಾಸ್ಕ್‌ನ ಪಾಲನ್ನೇ ಇಳಿಸಬೇಕಾದರೆ ಒಂದರೊಳಗೊಂದು ಕೂರಿಸಿದ ಎರಡು ಥರ್ಮೋಕೋಲ್ ಲೋಟ, ಮೇಲೊಂದು ರಟ್ಟಿನ ಮುಚ್ಚಳ ಇನ್ನೂ ಒಳ್ಳೆಯದು. ಲೋಟ ಹೀರುವ ಶಾಖವೇ ತೀರಾ ಕಡಿಮೆ, ಆದ್ದರಿಂದ ಅದರ ಸ್ಥಿರಾಂಕ ಸರಿಯಾಗಿ ಗೊತ್ತಿಲ್ಲದಿದ್ದರೂ ನಷ್ಟ ಚಿಕ್ಕದು.

0.1 ಡಿಗ್ರಿಯ ಥರ್ಮಾಮೀಟರ್ ಸಿಕ್ಕರೆ ಗರಿಷ್ಠ ಓದನ್ನು ಮಾತ್ರ ಬರೆದು ನಿಲ್ಲಿಸಬೇಡಿ. ಬೆರೆಸುವ ಮೊದಲು ನಾಲ್ಕು ನಿಮಿಷ, ಅರ್ಧ ನಿಮಿಷಕ್ಕೊಮ್ಮೆ ಓದಿ. ಐದನೇ ನಿಮಿಷಕ್ಕೆ ಬೆರೆಸಿ. ಆಮೇಲೆ ಹನ್ನೆರಡನೇ ನಿಮಿಷದವರೆಗೆ ಮೆಲ್ಲಗೆ ಕಲಕುತ್ತಾ, ಥರ್ಮಾಮೀಟರ್‌ನ ಬುಡ್ಡಿ ಫ್ಲಾಸ್ಕ್‌ನ ತಳಕ್ಕೆ ತಾಗದಂತೆ ಹಿಡಿದು ಓದುತ್ತಾ ಹೋಗಿ. ಗ್ರಾಫ್‌ನಲ್ಲಿ ಇಳಿಯುವ ಭಾಗಕ್ಕೆ ಗೆರೆ ಎಳೆದು ಐದನೇ ನಿಮಿಷಕ್ಕೆ ಹಿಂದಕ್ಕೆ ಚಾಚಿ. ಗೆರೆ ಅಲ್ಲಿ ಮುಟ್ಟುವ ತಾಪಮಾನವೇ ಶಾಖ ಸೋರದಿದ್ದರೆ ಸಿಗುತ್ತಿದ್ದ ತಾಪಮಾನ. ಗೆರೆಯನ್ನು ಹತ್ತಾರು ಬಿಂದುಗಳು ಹಿಡಿದಿಟ್ಟಿರುವುದರಿಂದ ಒಂದು ಓದಿನ ತಪ್ಪು ಅಲ್ಲಿ ತಾನಾಗಿಯೇ ಸವೆಯುತ್ತದೆ. ಒಂದು ಡಿಗ್ರಿಯ ಗೆರೆಯಲ್ಲಿ ಇದನ್ನು ಮಾಡಿದರೆ ಬಿಂದುಗಳೆಲ್ಲ ಒಂದೇ ಮಟ್ಟದಲ್ಲಿ ಸಾಲಾಗಿ ಕೂರುತ್ತವೆ, ಶ್ರಮಕ್ಕೆ ತಕ್ಕ ಫಲವಿಲ್ಲ.

ಕೊನೆಗೆ ಹೋಲಿಕೆಯ ಮಾತು. ಪುಸ್ತಕದ −57.1 ರೊಂದಿಗೆ ಹೋಲಿಸಿ "ಶೇ. 5 ದೋಷ ಬಂದಿದೆ" ಎಂದು ಬರೆಯುವುದು ವಾಡಿಕೆ. ಆ ಶೇ. 5 ಮತ್ತು ಮೇಲಿನ ಶೇ. 13 ಬೇರೆ ಬೇರೆ. ಮೊದಲನೆಯದು ಪುಸ್ತಕದಿಂದ ಎಷ್ಟು ದೂರ ನಿಂತಿದ್ದೀರಿ ಎಂಬುದು, ಎರಡನೆಯದು ನಿಮ್ಮ ಉಪಕರಣ ಎಷ್ಟು ದೂರದವರೆಗೆ ಗುರುತಿಸಬಲ್ಲದು ಎಂಬುದು. ವ್ಯತ್ಯಾಸ 2.9 ಕಿಲೋಜೌಲ್, ಅನಿಶ್ಚಿತತೆ 7. ಆದ್ದರಿಂದ ಪುಸ್ತಕದ ಬೆಲೆಗೂ ನಿಮ್ಮ ಬೆಲೆಗೂ ವಿರೋಧವಿಲ್ಲ ಎಂದಷ್ಟೇ ಹೇಳಬಹುದು. "ಶಾಖ ಸೋರಿದ್ದರಿಂದ ಕಡಿಮೆ ಬಂತು" ಎಂದು ಕಾರಣ ಕೊಡುವ ಹಕ್ಕು ಈ ಓದುಗಳಿಗಿಲ್ಲ, ಏಕೆಂದರೆ ಕಡಿಮೆ ಬಂದಿದೆ ಎಂಬುದೇ ಸಾಬೀತಾಗಿಲ್ಲ.

ಅಲ್ಲದೆ 57.1 ಎಂಬುದು ಎಲ್ಲ ತಾಪಮಾನಕ್ಕೂ ನಿಂತ ಬೆಲೆಯಲ್ಲ. H⁺ ಮತ್ತು OH⁻ ಸೇರಿ ನೀರಾಗುವಾಗಿನ ಎಂಥಾಲ್ಪಿ, ತೀರಾ ತೆಳುವಾದ ದ್ರಾವಣದಲ್ಲಿ, 25 ಡಿಗ್ರಿಯಲ್ಲಿ −55.8 ಕಿಲೋಜೌಲ್. ತಾಪಮಾನ ಒಂದು ಡಿಗ್ರಿ ಏರಿದರೆ ಅದರ ಗಾತ್ರ ಸುಮಾರು 0.2 ಕಿಲೋಜೌಲ್ ಇಳಿಯುತ್ತದೆ. ಹಾಗಾಗಿ 57.1 ಸಿಗುವುದು 20 ಡಿಗ್ರಿಯ ಹತ್ತಿರ. ನಿಮ್ಮ ಫ್ಲಾಸ್ಕ್ 27.5 ರಲ್ಲಿ ಶುರುವಾಗಿತ್ತು, ಅಲ್ಲಿ ನಿರೀಕ್ಷಿಸಬೇಕಾದದ್ದು 55 ರ ಆಸುಪಾಸು. ರಿಪೋರ್ಟ್‌ನ ಫಲಿತಾಂಶದ ಜಾಗದಲ್ಲಿ ಹೀಗೆ ಬರೆಯಿರಿ: "27.5 °C ನಲ್ಲಿ ಆರಂಭಿಸಿದಾಗ ΔH = −54 ± 7 kJ/mol. ಪ್ರತಿ ತಾಪಮಾನದ ಓದಿಗೂ ±0.5 °C, ಅನಿಶ್ಚಿತತೆಗಳನ್ನು ವರ್ಗಗಳ ಮೊತ್ತದ ಮೂಲದಿಂದ ಕೂಡಿಸಿದೆ. ಏರಿಕೆಯ ಪಾಲು ಶೇ. 12, ಫ್ಲಾಸ್ಕ್ ಸ್ಥಿರಾಂಕದ ಮೂಲಕ ಬಂದದ್ದು ಶೇ. 6, ಮೋಲ್‌ಗಳದ್ದು ಶೇ. 1.4. ದ್ರಾವಣಕ್ಕೆ ನೀರಿನ ವಿಶಿಷ್ಟೋಷ್ಣ ಬಳಸಿದ್ದರಿಂದ ಬೆಲೆಯ ಗಾತ್ರ ಸುಮಾರು ಶೇ. 2 ಹೆಚ್ಚಿರಬಹುದು, ಇದನ್ನು ± ಒಳಗೆ ಸೇರಿಸಿಲ್ಲ."